ವೋಡ್ಕಾ ಇಲ್ಲದ ವೋಡ್ಕಾ ಲೋಟ: ಪ್ರಯೋಗಾಲಯದ ನನ್ನ ಅನುಭವ

ಅಮೆರಿಕದ ವಿಶ್ವವಿದ್ಯಾಲಯವೊಂದರ ಮನಶ್ಶಾಸ್ತ್ರ ವಿಭಾಗದಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದಾಗ ನನ್ನ ಪಾಲಿಗೆ ಬಂದ ಕೆಲಸವೆಂದರೆ, ಲೆಕ್ಕಕ್ಕೆ ಬರುವಷ್ಟು ಮದ್ಯವನ್ನು ಕೊಡದೆಯೇ ಜನರನ್ನು ತಾವು ಕುಡಿದಿದ್ದೇವೆಂದು ನಂಬಿಸುವುದು. ಇದರ ಮೂಲ ಮಾದರಿ 1973ರಲ್ಲಿ ಅಲನ್ ಮಾರ್ಲಾಟ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ. ಅವರು ಮದ್ಯವ್ಯಸನಿಗಳನ್ನೂ ವ್ಯಸನವಿಲ್ಲದೆ ಕುಡಿಯುವವರನ್ನೂ ಪಾನೀಯಗಳ ರುಚಿ ನೋಡಲೆಂದು ಕೂರಿಸಿ, ಯಾರು ಎಷ್ಟು ಕುಡಿಯುತ್ತಾರೆಂಬುದನ್ನು ಅವರಿಗೆ ತಿಳಿಯದಂತೆ ಅಳೆದರು. ಲೋಟದಲ್ಲಿ ವೋಡ್ಕಾ ಇದೆಯೆಂದು ನಂಬಿದವರು, ಅದರಲ್ಲಿ ಬರೀ ಟಾನಿಕ್ ನೀರೆಂಬ ಕಹಿ ಸೋಡಾ ಇದ್ದರೂ, ಹೆಚ್ಚು ಕುಡಿದರು; ಟಾನಿಕ್ ಎಂದು ನಂಬಿದವರು, ವೋಡ್ಕಾ ಬೆರೆತಿದ್ದರೂ, ಕಡಿಮೆ ಕುಡಿದರು. ಒಂದು ಗುಟುಕು ಒಳಗೆ ಹೋದರೆ ವ್ಯಸನಿಗೆ ಕೈ ತಡೆಯುವುದಿಲ್ಲವೆಂಬ ಅಂದಿನ ನಂಬಿಕೆಯನ್ನು ಆ ಫಲಿತಾಂಶ ಅಲುಗಾಡಿಸಿತು.

ಟಾನಿಕ್ ನೀರನ್ನು ಆರಿಸಲು ಕಾರಣ ಅದರಲ್ಲಿರುವ ಕ್ವಿನೈನಿನ ಕಹಿ. ಒಂದು ಪಾಲು ವೋಡ್ಕಾಕ್ಕೆ ಐದು ಪಾಲು ಟಾನಿಕ್ ಬೆರೆಸಿ ಚೆನ್ನಾಗಿ ತಣಿಸಿದರೆ, ಅದಕ್ಕೂ ಬರೀ ಟಾನಿಕ್ಕಿಗೂ ಇರುವ ವ್ಯತ್ಯಾಸವನ್ನು ನಾಲಿಗೆ ಖಚಿತವಾಗಿ ಹೇಳಲಾರದು. ನಿಜವಾದ ಮದ್ಯವನ್ನು ದೇಹದ ತೂಕದ ಪ್ರತಿ ಕಿಲೋಗೆ ಅರ್ಧ ಗ್ರಾಮಿನಂತೆ ಕೊಡುವುದಾದರೆ, 70 ಕಿಲೋ ತೂಗುವವರಿಗೆ 35 ಗ್ರಾಮ್ ಆಲ್ಕೊಹಾಲ್, ಅಂದರೆ ಸುಮಾರು 110 ಮಿಲಿಲೀಟರ್ ವೋಡ್ಕಾ ಮತ್ತು 550 ಮಿಲಿಲೀಟರ್ ಟಾನಿಕ್ ಬೇಕಾಗುತ್ತದೆ. ಹುಸಿ ಲೋಟದವರಿಗೂ ನಾವು ಅಷ್ಟೇ ಪ್ರಮಾಣವನ್ನು ಮೂರು ಲೋಟಗಳಿಗೆ ಹಂಚಿ ಕೊಡುತ್ತಿದ್ದೆವು.

ಮನಸ್ಸನ್ನು ನಂಬಿಸುವುದು ರುಚಿಗಿಂತ ಹೆಚ್ಚಾಗಿ ಸಿದ್ಧತೆ. ವೋಡ್ಕಾ ಬಾಟಲಿಯನ್ನು ಖಾಲಿ ಮಾಡಿ, ಗುಳ್ಳೆ ಆರಿಹೋದ ಟಾನಿಕ್ಕನ್ನು ಅದಕ್ಕೆ ತುಂಬಿಸಿ, ಮುಚ್ಚಳವನ್ನು ಮೊದಲಿನಂತೆ ಬಿಗಿಯುತ್ತಿದ್ದೆ. ಗುಳ್ಳೆ ಉಳಿದಿದ್ದರೆ ಸುರಿಯುವಾಗಲೇ ಗುಟ್ಟು ರಟ್ಟಾಗುತ್ತದೆ. ಲೋಟದ ಅಂಚಿಗೆ ನಿಜವಾದ ವೋಡ್ಕಾದಲ್ಲಿ ಅದ್ದಿದ ನಿಂಬೆ ಹೋಳನ್ನು ಸವರಿ, ಮೇಲೆ ಕೆಲವು ಹನಿಗಳನ್ನು ಬಿಟ್ಟರೆ, ತುಟಿಗಿಡುವ ಮುನ್ನವೇ ಮೂಗಿಗೆ ವಾಸನೆ ಬಡಿಯುತ್ತಿತ್ತು. ಅಳತೆಯ ಪಾತ್ರೆಗೆ ಸುರಿಯುವ ಕೆಲಸವನ್ನು ಅವರ ಕಣ್ಣೆದುರೇ ಮಾಡುತ್ತಿದ್ದೆವು. ತೂಕ ನೋಡಿ ಲೆಕ್ಕ ಹಾಕುವ ಆ ಗಂಭೀರ ಶಾಸ್ತ್ರವೇ ಅರ್ಧ ಅಮಲು ಏರಿಸುತ್ತಿತ್ತೆಂದು ನನಗೆ ಅನಿಸುತ್ತಿತ್ತು.

ಒಬ್ಬ ಯುವಕನ ವರ್ತನೆ ಈಗಲೂ ಸ್ಪಷ್ಟವಾಗಿ ನೆನಪಿದೆ. ಎರಡನೆಯ ಲೋಟ ಮುಗಿಯುವ ಹೊತ್ತಿಗೆ ಅವನ ದನಿ ಏರಿತು, ಪಕ್ಕದವರ ಹೆಗಲ ಮೇಲೆ ಕೈಯಿಟ್ಟು ಮಾತಾಡತೊಡಗಿದ, ಸಾಧಾರಣ ಮಾತಿಗೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಇಪ್ಪತ್ತು ನಿಮಿಷಗಳ ನಂತರ ಬಾಯಿ ಮುಕ್ಕಳಿಸಿ ಉಸಿರು ಪರೀಕ್ಷಿಸಿದಾಗ ಯಂತ್ರ ಸೊನ್ನೆ ತೋರಿಸಿತು. (ಕುಡಿದ ಕೂಡಲೇ, ಮುಕ್ಕಳಿಸದೆ ಪರೀಕ್ಷಿಸಿದರೆ ಅಂಚಿನ ವೋಡ್ಕಾ ಬಾಯಲ್ಲೇ ಉಳಿದು ಸುಳ್ಳು ಅಂಕಿ ಬರಬಹುದು.) ಕಣ್ಣು ಮುಚ್ಚಿ ಒಂಟಿ ಕಾಲಿನಲ್ಲಿ ನಿಲ್ಲಲು ಹೇಳಿದೆ, ಮೊದಲು ನಿಂತಷ್ಟೇ ಸ್ಥಿರವಾಗಿ ನಿಂತ. ದೀಪ ಹೊತ್ತಿದೊಡನೆ ಗುಂಡಿ ಒತ್ತುವ ಪರೀಕ್ಷೆಯಲ್ಲಿ ಅವನ ವೇಗ ಕಿಂಚಿತ್ತೂ ಇಳಿದಿರಲಿಲ್ಲ.

ಈ ಕ್ಷೇತ್ರದ ಒಟ್ಟು ಫಲಿತಾಂಶಗಳೂ ಹೆಚ್ಚು ಕಡಿಮೆ ಇದೇ ಜಾಡಿನಲ್ಲಿವೆ. ಕುಡಿದವರು ಹೀಗೆಯೇ ಇರುತ್ತಾರೆಂದು ನಾವು ಮೊದಲೇ ಕಲಿತಿರುವ, ಕುಡಿತದ ನೆಪದಲ್ಲಿ ಸಮಾಜ ಕ್ಷಮಿಸುವ ಸಲಿಗೆ, ಅಬ್ಬರ, ಧೈರ್ಯಗಳನ್ನು ನಿರೀಕ್ಷೆಯೊಂದೇ ಹೊರತರಬಲ್ಲದು. ನರಗಳ ವೇಗವನ್ನೂ ದೇಹದ ಸಮತೋಲನವನ್ನೂ ಕೆಡಿಸುವುದು ಮುಖ್ಯವಾಗಿ ಆಲ್ಕೊಹಾಲೇ. ನಡುವೆ ಬರುವ ಸಂಗತಿಗಳೂ ಇವೆ. ನ್ಯೂಜಿಲೆಂಡಿನಲ್ಲಿ ಸೀಮಾ ಅಸ್ಸೆಫಿ ಮತ್ತು ಮರ್ಯಾನ್ ಗ್ಯಾರಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಲ್ಲರೂ ಕುಡಿದದ್ದು ಟಾನಿಕ್ ಮಾತ್ರ. ಆದರೂ ವೋಡ್ಕಾ ಕುಡಿದೆವೆಂದು ನಂಬಿದವರು, ತಾವು ನೋಡಿದ ಘಟನೆಯ ಬಗ್ಗೆ ಅನಂತರ ಕೊಟ್ಟ ತಪ್ಪು ಮಾಹಿತಿಗೆ ಸುಲಭವಾಗಿ ಮಾರುಹೋದರು, ಅದೂ ಹೆಚ್ಚಿನ ಆತ್ಮವಿಶ್ವಾಸದಿಂದ.

ಈ ವಿಧಾನಕ್ಕೆ ಮಿತಿಯೂ ಇದೆ. ಪೂರ್ಣ ಪ್ರಯೋಗಕ್ಕೆ ನಾಲ್ಕು ಗುಂಪುಗಳು ಬೇಕು: ವೋಡ್ಕಾ ಎಂದು ಹೇಳಿ ವೋಡ್ಕಾ ಕೊಟ್ಟವರು, ಹಾಗೆಂದು ಹೇಳಿ ಟಾನಿಕ್ ಕೊಟ್ಟವರು, ಟಾನಿಕ್ ಎಂದು ಹೇಳಿ ಟಾನಿಕ್ ಕೊಟ್ಟವರು, ಟಾನಿಕ್ ಎಂದು ಹೇಳಿ ವೋಡ್ಕಾ ಕೊಟ್ಟವರು. ಕೊನೆಯ ಗುಂಪೇ ಕಷ್ಟದ್ದು. ಪ್ರಮಾಣ ಸ್ವಲ್ಪ ಏರಿದರೂ ಎದೆ ಬಿಸಿಯಾಗಿ, ತಲೆ ಹಗುರಾಗಿ, ದೇಹವೇ ಸತ್ಯ ಹೇಳಿಬಿಡುತ್ತದೆ. ಹುಸಿ ಲೋಟವೂ ಬಹಳ ಹೊತ್ತು ಬಾಳುವುದಿಲ್ಲ, ಏಕೆಂದರೆ ನಿರೀಕ್ಷಿಸಿದ ಅಮಲು ಏರುತ್ತಾ ಹೋಗದಿದ್ದಾಗ ಅನುಭವಸ್ಥರಿಗೆ ಅನುಮಾನ ಹುಟ್ಟುತ್ತದೆ. ಗೆಳೆಯರ ಗುಂಪಿನಲ್ಲಿ ಒಬ್ಬ "ಇದರಲ್ಲಿ ಏನೂ ಇಲ್ಲ ಮಾರಾಯಾ" ಎಂಬರ್ಥದ ಮಾತಾಡಿದರೆ ಸಾಕು, ಇಡೀ ಮೇಜಿನ ನಗು ಇಳಿಯುತ್ತಿತ್ತು.

ಆದ್ದರಿಂದ, ನಿಜ ತಿಳಿಸುವ ಮುನ್ನ, ಎಷ್ಟು ಪೆಗ್ ಕುಡಿದಂತೆ ಅನಿಸುತ್ತಿದೆಯೆಂದು ಪ್ರತಿಯೊಬ್ಬರಿಂದಲೂ ಬೇರೆಬೇರೆಯಾಗಿ ಬರೆಸಿಕೊಳ್ಳುತ್ತಿದ್ದೆ. ಸೊನ್ನೆ ಬರೆದವರಿಗೆ ನಂಬಿಕೆ ಹುಟ್ಟಿರಲಿಲ್ಲವೆಂದು ಅರ್ಥ. ಅವರನ್ನು ಲೆಕ್ಕದಿಂದ ಕೈಬಿಟ್ಟರೆ ನಿರೀಕ್ಷೆಯ ಪರಿಣಾಮ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಏಕೆಂದರೆ ಸುಲಭವಾಗಿ ನಂಬುವವರಷ್ಟೇ ಉಳಿಯುತ್ತಾರೆ. ಹೀಗಾಗಿ ಅವರನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಲೆಕ್ಕ ಮಾಡಿ, ಎರಡನ್ನೂ ವರದಿಯಲ್ಲಿ ಕೊಡುತ್ತಿದ್ದೆ.