ರೀಚಾರ್ಜ್‌ಗೆ ಮುನ್ನ ಒಂದು ವಾರದ ಲೆಕ್ಕ

ತುಮಕೂರಿನ ಬಿ.ಎಚ್. ರಸ್ತೆಯ ಮೊಬೈಲ್ ಅಂಗಡಿಗಳಲ್ಲಿ ಜನ ಪ್ಲ್ಯಾನ್ ಆರಿಸುವ ರೀತಿಯನ್ನು ಗಮನಿಸಿದ್ದೇನೆ. ಹೆಚ್ಚಿನವರು ದರ ನೋಡುತ್ತಾರೆ, ದಿನದ ಡೇಟಾ ನೋಡುತ್ತಾರೆ. ಲೆಕ್ಕ ಬಲ್ಲವರು ಎರಡನ್ನೂ ಭಾಗಿಸಿ, ಜಿಬಿಗೆ ಇಷ್ಟೇ ಬೀಳುತ್ತದೆ ಎಂದು ಹೇಳುತ್ತಾರೆ. ಆದರೆ ಭಾಗಿಸಿದ್ದು ಕಂಪನಿ ಕೊಡುವ ಡೇಟಾದಿಂದ, ತಾವು ಬಳಸುವ ಡೇಟಾದಿಂದಲ್ಲ. ದಿನದ ಕೋಟಾದಲ್ಲಿ ಉಳಿದದ್ದು ಸಾಮಾನ್ಯವಾಗಿ ಮರುದಿನಕ್ಕೆ ಸೇರುವುದಿಲ್ಲ, ರಾತ್ರಿ ಹನ್ನೆರಡಕ್ಕೆ ಹೋಗಿಬಿಡುತ್ತದೆ.

ಮೊದಲು ಅವಧಿ. 28 ದಿನವನ್ನು ತಿಂಗಳೆಂದು ಎಣಿಸಬೇಡಿ. ವರ್ಷಕ್ಕೆ ಹದಿಮೂರು ಸಲ ರೀಚಾರ್ಜ್ ಮಾಡಬೇಕಾಗುತ್ತದೆ. ದರವನ್ನು ದಿನಗಳಿಂದ ಭಾಗಿಸಿ ದಿನದ ಖರ್ಚು ಬರೆದುಕೊಳ್ಳಿ. 30 ದಿನದ ಪ್ಲ್ಯಾನ್ ಕೇಳಿದರೆ ಅಂಗಡಿಯವರು ಇಲ್ಲವೆನ್ನುವುದುಂಟು. ಪ್ರತಿ ಕಂಪನಿಯೂ ಅಂಥದ್ದೊಂದನ್ನಾದರೂ ಇಡಬೇಕೆಂದು ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್ 2022ರಲ್ಲೇ ಆದೇಶಿಸಿದೆ.

ಜನ ಎಡವುವುದು ಮುಂದಿನ ಹಂತದಲ್ಲಿ, ಬಳಕೆ ಅಳೆಯುವಾಗ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕಾಣುವ ತಿಂಗಳ ಮೊತ್ತವನ್ನು ಮೂವತ್ತರಿಂದ ಭಾಗಿಸಿ ಸರಾಸರಿ ತೆಗೆಯುತ್ತಾರೆ. ದಿನದ ಕೋಟಾ ಇರುವ ಪ್ಲ್ಯಾನಿಗೆ ಸರಾಸರಿ ಪ್ರಯೋಜನಕ್ಕೆ ಬಾರದು. ಒಂದು ವಾರ, ಪ್ರತಿ ರಾತ್ರಿ ಮಲಗುವ ಮುನ್ನ, ನಿಮ್ಮ ಕಂಪನಿಯ ಆ್ಯಪ್ ತೆರೆದು ಅಂದು ಉಳಿದ ಡೇಟಾ ಎಷ್ಟೆಂದು ನೋಡಿ ಕ್ಯಾಲೆಂಡರ್ ಹಾಳೆಯ ಮೇಲೆ ಬರೆಯಿರಿ. ಕಂಪನಿಯ ಆ್ಯಪ್ ಅನ್ನೇ ನೋಡಿ ಎನ್ನಲು ಕಾರಣವಿದೆ. ಅನಿಯಮಿತ 5ಜಿ ಇರುವ ಪ್ಲ್ಯಾನಿನಲ್ಲಿ 5ಜಿ ಬಳಕೆ ಕೋಟಾದಿಂದ ಕಡಿತವಾಗುವುದಿಲ್ಲ, ಫೋನಿನ ಮೀಟರು ಮಾತ್ರ ಅದನ್ನೂ ಸೇರಿಸಿ ಎಣಿಸುತ್ತದೆ. ಸೊನ್ನೆ ಬಂದ ದಿನಕ್ಕೆ ಗುರುತು ಹಾಕಿ, ಎಷ್ಟು ಗಂಟೆಗೆ ಮುಗಿಯಿತೆಂದೂ ಬರೆಯಿರಿ. ಕೋಟಾ ಮುಗಿದ ಮೇಲೆ ವೇಗ ಸಾಮಾನ್ಯವಾಗಿ 64 ಕೆಬಿಪಿಎಸ್‌ಗೆ ಇಳಿದು ವಿಡಿಯೊ ನಿಂತುಹೋಗುವುದರಿಂದ, ಅಂದಿನ ನಿಜವಾದ ಅಗತ್ಯ ಯಾವ ಮೀಟರಿನಲ್ಲೂ ಕಾಣುವುದಿಲ್ಲ.

ಬಟವಾಡಿಯ ನಮ್ಮ ನೆರೆಯವರೊಬ್ಬರ ಲೆಕ್ಕ ನೋಡಿ. ವಾರದ ಐದು ದಿನ ಕಚೇರಿಯ ವೈಫೈ ಇರುವುದರಿಂದ ದಿನಕ್ಕೆ 0.6 ಜಿಬಿ ಸಾಕು. ಶನಿವಾರ, ಭಾನುವಾರ ಗುಬ್ಬಿ ಬಳಿಯ ತೋಟದ ಮನೆಗೆ ಹೋಗುತ್ತಾರೆ. ಅಲ್ಲಿ ಮಕ್ಕಳಿಗೂ ಹಾಟ್‌ಸ್ಪಾಟ್ ಕೊಟ್ಟು ದಿನಕ್ಕೆ 2 ಜಿಬಿ ಬೇಕು. ವಾರಕ್ಕೆ ಒಟ್ಟು 7 ಜಿಬಿ, ಸರಾಸರಿ ದಿನಕ್ಕೆ ಸರಿಯಾಗಿ 1 ಜಿಬಿ. ಸರಾಸರಿ ನಂಬಿ 1 ಜಿಬಿಯ ಪ್ಲ್ಯಾನ್ ಹಾಕಿಸಿದರೆ ಶನಿವಾರ ಮಧ್ಯಾಹ್ನದ ಹೊತ್ತಿಗೇ ಮುಗಿಯುತ್ತದೆ.

ಈಗ ಎರಡು ಪ್ಲ್ಯಾನ್ ಎದುರಿಡೋಣ. ದರಗಳನ್ನು ಲೆಕ್ಕಕ್ಕಾಗಿ ಹಿಡಿದಿದ್ದೇನೆ; ನೀವು ಇಂದಿನ ದರ ಹಾಕಿಕೊಳ್ಳಿ. ಎರಡೂ 28 ದಿನದವು: ದಿನಕ್ಕೆ 1.5 ಜಿಬಿಯದ್ದು 299 ರೂಪಾಯಿ, 2 ಜಿಬಿಯದ್ದು 349. ಕಾಗದದ ಮೇಲೆ ಜಿಬಿಗೆ 7 ರೂ. 12 ಪೈಸೆ ಮತ್ತು 6 ರೂ. 23 ಪೈಸೆ. ನಿಜ ಬಳಕೆಯಲ್ಲಿ, ಮೊದಲನೆಯದರಲ್ಲಿ ಶನಿವಾರ, ಭಾನುವಾರ ಒಂದೂವರೆ ಜಿಬಿಗೇ ನಿಲ್ಲುವುದರಿಂದ ನಾಲ್ಕು ವಾರಕ್ಕೆ 24 ಜಿಬಿ, ಎರಡನೆಯದರಲ್ಲಿ 28. ಭಾಗಿಸಿದರೆ ಎರಡಕ್ಕೂ ಜಿಬಿಗೆ 12 ರೂ. 46 ಪೈಸೆ! ಅಗ್ಗವೆಂದು ಕಂಡ ಪ್ಲ್ಯಾನಿನ ಅಗ್ಗತನವೆಲ್ಲ ಅವರು ಬಳಸದ ಡೇಟಾದಲ್ಲಿತ್ತು.

ಹಾಗಾದರೆ ತೀರ್ಮಾನಿಸುವುದು ಹೇಗೆ? ಹೆಚ್ಚುವರಿ 50 ರೂಪಾಯಿಗೆ ಸಿಗುವುದು ಎಂಟು ದಿನಗಳಲ್ಲಿ ಅರ್ಧರ್ಧ ಜಿಬಿ. ಅದೇ ಕೊರತೆಗೆ ಒಂದು ದಿನದ ಡೇಟಾ ವೋಚರ್ 19 ರೂಪಾಯಿಯಂತೆ ಎಂಟು ಸಲ ಹಾಕಿಸಿದರೆ 152 ಆಗುತ್ತದೆ. ಅವರಿಗೆ 2 ಜಿಬಿಯದ್ದೇ ಸರಿ. ತಿಂಗಳಲ್ಲಿ ಎರಡೇ ದಿನ ಕೊರತೆ ಬೀಳುವವರು ಚಿಕ್ಕ ಪ್ಲ್ಯಾನ್ ಹಾಕಿಸಿ, ಆ ಎರಡು ದಿನ ವೋಚರ್ ಕೊಳ್ಳಲಿ, 337ರಲ್ಲಿ ಮುಗಿಯುತ್ತದೆ. ಸಿನಿಮಾ ಆ್ಯಪ್‌ಗಳನ್ನು ಕಟ್ಟಿಕೊಡುವ ದುಬಾರಿ ಪ್ಲ್ಯಾನ್ ಮಾತ್ರ ಬೇಡ. ಅವುಗಳ ಚಂದಾ ಎಷ್ಟೋ ಸಲ ಮೊಬೈಲ್ ಪರದೆಗಷ್ಟೇ ಸೀಮಿತ, ಟಿವಿಯಲ್ಲಿ ಓಡುವುದಿಲ್ಲ.

ಮನೆಯಲ್ಲೇ ಇರುವ, ವೈಫೈ ಬಳಸುವ ಹಿರಿಯರಿಗೆ ಜಿಬಿ ಲೆಕ್ಕವೇ ಬೇಡ. ಅವರು ಹಣ ಕೊಡುವುದು ಕರೆಗೆ ಮತ್ತು ನಂಬರ್ ಚಾಲ್ತಿಯಲ್ಲಿರುವುದಕ್ಕೆ. ದಿನದ ಖರ್ಚು ಕಡಿಮೆ ಇರುವುದನ್ನು ಆರಿಸಿ. ಕರೆ, ಎಸ್‌ಎಂಎಸ್ ಮಾತ್ರ ಇರುವ ಪ್ಲ್ಯಾನ್ ಕೊಡಬೇಕೆಂದು 2024ರ ಡಿಸೆಂಬರ್‌ನಲ್ಲಿ ಟ್ರಾಯ್ ನಿಯಮ ಮಾಡಿದೆ. ಆ್ಯಪ್‌ನಲ್ಲಿ ಕೆಳಗೆ ಸರಿಸಿ ಹುಡುಕಿ.

ಕೊನೆಗೆ 84 ದಿನದ್ದು. 2 ಜಿಬಿಯ ಪ್ಲ್ಯಾನ್ 859ಕ್ಕೆ ಸಿಕ್ಕರೆ ನಮ್ಮ ನೆರೆಯವರಿಗೆ ಜಿಬಿಗೆ 10 ರೂ. 23 ಪೈಸೆ ಬೀಳುತ್ತದೆ, ಮೂರು ಸಲ 349 ಕೊಡುವುದಕ್ಕಿಂತ 188 ರೂಪಾಯಿ ಉಳಿತಾಯ. ಆದರೆ ತೋಟದ ಮನೆಯಲ್ಲಿ ಸಿಗ್ನಲ್ ಸಿಗದೆ ನಡುವೆ ಬೇರೆ ಕಂಪನಿಗೆ ಪೋರ್ಟ್ ಆದರೆ ಉಳಿದ ದಿನಗಳು ಹೋದಂತೆಯೇ. ಹೊಸ ಸಿಮ್ ಆದರೆ ಮೊದಲು 28 ದಿನದ್ದು ಹಾಕಿಸಿ, ತೋಟದ ಮನೆಯ ಒಳಕೋಣೆಯಲ್ಲಿ ಕೂತು ವಿಡಿಯೊ ಕರೆ ಮಾಡಿ ನೋಡಿ, ಆಮೇಲೆ 84ಕ್ಕೆ ಹೋಗಿ.