ದೊಡ್ಡಮ್ಮನ ‘ಆರ್ದಿಕ ಸುಬಾಸಯ’ಕ್ಕೆ ಉತ್ತರ ಬರೆಯುವುದು ಹೇಗೆ?

ಯುಗಾದಿ ದಿನ ಬೆಳಗ್ಗೆ ಮೂಡಿಗೆರೆ ಕಡೆಯ ಒಂದು ತೋಟದ ಮನೆಯಿಂದ, ಹಾಸನದಲ್ಲಿ ಕೆಲಸಕ್ಕಿರುವ ತಂಗಿ ಮಗನಿಗೆ ವಾಟ್ಸ್ಆ್ಯಪ್‌ನಲ್ಲಿ ಒಂದು ಮೆಸೇಜು ಬರುತ್ತದೆ ಅಂದುಕೊಳ್ಳಿ:

‘ಉಗಾದಿ ಅಬ್ಬದ ಆರ್ದಿಕ ಸುಬಾಸಯಗಳು ಮಗ. ದೆವರು ನಿಂಗೆ ಹೊಳ್ಳೆದು ಮಾಡ್ಲಿ. ಬೆವು ಬೆಲ್ಲ ತಿನ್ನು.’

ಕಳಿಸಿದವರು ಅರವತ್ತು ದಾಟಿದ ದೊಡ್ಡಮ್ಮ. ಒಂದೊಂದು ಅಕ್ಷರ ಹುಡುಕಿ ಒತ್ತಿದ್ದಾರೆ. ಇದಕ್ಕೆ ಉತ್ತರ ಕೊಡೋದರಲ್ಲಿ ಏನು ಮಹಾ ಅನ್ನಿಸಬಹುದು. ಆದರೆ ಇಂಥ ಮೆಸೇಜು ಬಂದಾಗ ಓದಿಕೊಂಡವರು ಏನೇನು ಮಾಡುತ್ತಾರೆ ಅನ್ನೋದನ್ನು ನಮ್ಮ ನೆಂಟರ ಗುಂಪಿನಲ್ಲೇ ನೋಡಿದ್ದೇನೆ. ಒಬ್ಬ ನಕ್ಷತ್ರ ಚಿಹ್ನೆ ಹಾಕಿ ‘*ಹಾರ್ದಿಕ’ ಅಂತ ಬರೆದ. ಇನ್ನೊಬ್ಬಳು ‘ಹೊಳ್ಳೆ ಅಂದ್ರೆ ಮೂಗಿಂದಾ?’ ಅಂತ ಕೇಳಿ ನಗುವ ಮುಖ ಹಾಕಿದಳು. ಬರೆದವರು ಆಮೇಲೆ ಬರೆಯೋದೇ ಬಿಟ್ಟರು. ಈಗ ಅವರಿಂದ ಬರೋದು ಗುಲಾಬಿ ಹೂವಿನ ಫಾರ್ವರ್ಡ್ ಚಿತ್ರ ಮಾತ್ರ.

ಹೆಜ್ಜೆ 1: ತಪ್ಪು ಎಲ್ಲಿಂದ ಬಂತು ನೋಡಿ

ಮೆಸೇಜನ್ನು ಮನಸ್ಸಿನಲ್ಲೇ ಗಟ್ಟಿಯಾಗಿ ಓದಿ. ಮಾತಾಡಿದ ಹಾಗೆ ಕೇಳಿಸಿದರೆ ಅದು ಕೈಯಲ್ಲಿ ಒತ್ತಿದ್ದು. ಹಬ್ಬಕ್ಕೆ ‘ಅಬ್ಬ’ ಅನ್ನೋದು ನಮ್ಮ ಕಡೆ ಹಳ್ಳಿಗಳಲ್ಲಿ ಮಾಮೂಲಿ, ಬಾಯಲ್ಲಿ ಬಂದಿದ್ದೇ ಬೆರಳಿಗೂ ಬಂದಿದೆ. ‘ಹೊಳ್ಳೆದು’ ಇದರ ಉಲ್ಟಾ. ಹಕಾರ ಬಿಟ್ಟುಹೋಗುತ್ತೆ ಅಂತ ಗೊತ್ತಿರುವವರು ಹುಷಾರಾಗಿ ಬರೆಯಲು ಹೋಗಿ, ಬೇಡದ ಕಡೆ ಅದನ್ನು ಸೇರಿಸುತ್ತಾರೆ. ಅಂದರೆ ನಗು ಬರಿಸುವ ಆ ಅಕ್ಷರದ ಹಿಂದೆ ಇರೋದು ಉದಾಸೀನ ಅಲ್ಲ, ಜಾಸ್ತಿ ಕಾಳಜಿ. ‘ದೆವರು’, ‘ಬೆವು’ ಬರೀ ದೀರ್ಘ ಸಿಗದ ತೊಂದರೆ.

ಅಕ್ಷರ ಎಲ್ಲಾ ಸರಿಯಿದ್ದು ಮಾತಿಗೆ ಮಾತ್ರ ತಲೆಬುಡ ಇಲ್ಲದಿದ್ದರೆ ಅದು ಮೈಕ್ ಒತ್ತಿ ಮಾತಾಡಿದ್ದು. ‘ಹಾರ್ದಿಕ’ ಅಂದಿದ್ದು ‘ಆರ್ಥಿಕ’ ಆಗಿ ಬಂದಿರುತ್ತದೆ. ಅಂಥದ್ದರಲ್ಲಿ ಕಳಿಸಿದವರಿಗೆ ಏನು ಹೋಗಿದೆ ಅನ್ನೋದೇ ಗೊತ್ತಿರೋದಿಲ್ಲ. ಅಲ್ಲಿ ಮುಜುಗರ ಕಡಿಮೆ, ಗೊಂದಲ ಜಾಸ್ತಿ. ಈ ಲೇಖನ ಕೈಯಲ್ಲಿ ಒತ್ತಿದವರ ಬಗ್ಗೆ.

ಹೆಜ್ಜೆ 2: ಗುಂಪಿಗೆ ಬಂದಿದ್ದರೆ ಗುಂಪಿನಲ್ಲೇ, ನಿಮಗೊಬ್ಬರಿಗೇ ಬಂದಿದ್ದರೆ ಅಲ್ಲೇ ಉತ್ತರಿಸಿ

ಅಷ್ಟೇ. ಇದರಲ್ಲಿ ಜಾಸ್ತಿ ಹೇಳೋದಿಲ್ಲ.

ಹೆಜ್ಜೆ 3: ಅವರು ಎಡವಿದ ಪದಗಳನ್ನು ನೀವು ಬಳಸಬೇಡಿ

ಎಲ್ಲರೂ ಕೆಡಿಸೋದು ಇಲ್ಲೇ. ಒಳ್ಳೆ ಮನಸ್ಸಿನವರೂ ಕೆಡಿಸುತ್ತಾರೆ. ‘ನಿಮಗೂ ಯುಗಾದಿ ಹಬ್ಬದ ಹಾರ್ದಿಕ ಶುಭಾಶಯಗಳು ದೊಡ್ಡಮ್ಮ’ ಅಂತ ಬರೆಯುತ್ತಾರೆ. ಮರ್ಯಾದೆಯಾಗಿಯೇ ಇದೆ. ಆದರೆ ಫೋನಿನಲ್ಲಿ ಹೇಗೆ ಕಾಣುತ್ತೆ ನೋಡಿ. ಮೇಲೆ ‘ಅಬ್ಬದ ಆರ್ದಿಕ ಸುಬಾಸಯಗಳು’, ಅದರ ಕೆಳಗೇ ‘ಹಬ್ಬದ ಹಾರ್ದಿಕ ಶುಭಾಶಯಗಳು’. ಮೇಷ್ಟ್ರು ಕೆಂಪು ಇಂಕಿನಲ್ಲಿ ತಿದ್ದಿ ಕೊಟ್ಟ ಕಾಪಿ ಪುಸ್ತಕದ ಹಾಗೆ. ನೀವು ತಿದ್ದಲಿಲ್ಲ, ನಿಜ. ಓದುವವರ ಕಣ್ಣು ಮಾತ್ರ ಎರಡನ್ನೂ ಹೋಲಿಸಿಯೇ ಹೋಲಿಸುತ್ತದೆ.

ಹಾಗಾಗಿ ಬರೆಯುವ ಮೊದಲು ಎಡವಿದ ಪದಗಳನ್ನು ಒಂದು ಸಲ ಎಣಿಸಿಕೊಳ್ಳಿ. ದೊಡ್ಡಮ್ಮನ ಮೆಸೇಜಿನಲ್ಲಿ ಅವು ಆರು: ಹಬ್ಬ, ಹಾರ್ದಿಕ, ಶುಭಾಶಯ, ದೇವರು, ಒಳ್ಳೆಯದು, ಬೇವು. (‘ಉಗಾದಿ’ ಲೆಕ್ಕಕ್ಕಿಲ್ಲ, ನಾವೆಲ್ಲ ಹಾಗೇ ಅನ್ನೋದು.) ನಿಮ್ಮ ಮೊದಲ ಉತ್ತರದಲ್ಲಿ ಇವು ಒಂದೂ ಬರಬಾರದು.

ಹಬ್ಬ ಅನ್ನದೆ ಹಬ್ಬದ ದಿನ ಏನಪ್ಪಾ ಬರೆಯೋದು ಅಂತೀರಾ? ಹಿರಿಯರು ಹರಸಿದರೆ ಕಿರಿಯರು ಅದನ್ನು ಪಡೆದುಕೊಳ್ಳಬೇಕು, ಅಷ್ಟೇ ಅಲ್ವಾ? ‘ನಿಮಗೂ ಅದೇ’ ಅಂತ ವಾಪಸ್ ಕೊಡೋದು ನಮ್ಮ ಕಡೆಯ ರೀತಿಯೂ ಅಲ್ಲ. ಪಡೆದುಕೊಂಡು, ಮನೆಯಲ್ಲಿ ಏನು ನಡೀತಿದೆ ಅಂತ ಒಂದು ಮಾತು ಸೇರಿಸಿದರೆ ಆ ಪದಗಳ ಅಗತ್ಯವೇ ಬೀಳೋದಿಲ್ಲ:

‘ದೊಡ್ಡಮ್ಮ, ನೀವು ಹರಸಿದ್ರೆ ಸಾಕು ನಮಗೆ. ಬೆಳಗ್ಗೆನೇ ಎಲ್ಲರದ್ದೂ ಎಣ್ಣೆ ಸ್ನಾನ ಆಯ್ತು. ಈಗ ಒಬ್ಬಟ್ಟು ತಟ್ಟುತ್ತಾ ಇದಾರೆ. ಆ ಕಡೆ ಹೂಮಳೆ ಬಂತಾ?’

ಹುಡುಕಿ ನೋಡಿ, ಎಡವಿದ ಪದ ಒಂದೂ ಇಲ್ಲ.

ಕೊನೆಯ ಪ್ರಶ್ನೆಯನ್ನು ಸುಮ್ನೆ ಹಾಕಿದ್ದಲ್ಲ. ಯುಗಾದಿ ಬರೋದು ಮಾರ್ಚ್ ನಡುವಿನಿಂದ ಏಪ್ರಿಲ್ ನಡುವಿನೊಳಗೆ. ಕಾಫಿ ತೋಟದವರು ಆಕಾಶ ನೋಡುತ್ತಾ ಕೂರುವ ಕಾಲ ಅದು. ಒಣಗಿ ಕಾಯುತ್ತಿರುವ ರೋಬಸ್ಟಾ ಗಿಡದ ಮೊಗ್ಗು ಅರಳಬೇಕಾದರೆ ಒಂದು ಒಳ್ಳೆ ಮಳೆ, ಅಂದರೆ ಹೂಮಳೆ, ಬೀಳಬೇಕು, ಇಲ್ಲದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು. ಮಳೆ ಬಿದ್ದು ವಾರ ಹತ್ತು ದಿನಕ್ಕೆ ತೋಟವೆಲ್ಲಾ ಬೆಳ್ಳಗಾಗುತ್ತದೆ. ಆಮೇಲೆ ಕಾಯಿ ಕಚ್ಚಿ ನಿಲ್ಲೋಕೆ ಇನ್ನೊಂದು ಮಳೆ ಬೇಕು. ದೊಡ್ಡಮ್ಮನ ತಲೆಯಲ್ಲಿ ಆ ಹೊತ್ತಿಗೆ ಓಡುತ್ತಿರೋದು ಇದೇ. ಹಾಗಾಗಿ ಉತ್ತರ ತಟ್ಟನೆ ಬರುತ್ತದೆ. ಮಾತು ಅಕ್ಷರದ ಕಡೆಯಿಂದ ಮಳೆಯ ಕಡೆಗೆ ಹೋಗುತ್ತದೆ.

ಪ್ರಶ್ನೆ ಆರಿಸುವಾಗ ಇನ್ನೊಂದು ಗಮನಿಸಿ. ಅದಕ್ಕೆ ಒಂದೆರಡು ಸುಲಭದ ಪದಗಳಲ್ಲಿ ಉತ್ತರ ಕೊಡಲು ಆಗಬೇಕು. ‘ಬಂತು ಮಗ’ ಅಂತ ಬರೆಯೋಕೆ ಒತ್ತಕ್ಷರ ಬೇಡ, ದೀರ್ಘ ಬೇಡ. ‘ನಿಮ್ಮ ಆರೋಗ್ಯ ಹೇಗಿದೆ, ಡಾಕ್ಟ್ರು ಏನಂದ್ರು’ ಅಂತ ಕೇಳಿದಿರೋ, ಪಾಪ ಅವರು ಅರ್ಧ ಗಂಟೆ ಕೀಬೋರ್ಡ್ ಮೇಲೆ ಒದ್ದಾಡಬೇಕು. ಅದನ್ನು ಫೋನ್ ಮಾಡಿ ಕೇಳಿ. ಹಾಸನದವರಿಗಾದರೆ ಮಳೆ ಬದಲು ಆಲೂಗಡ್ಡೆ ಬಿತ್ತನೆ ಕೇಳಬಹುದು, ಅರಸೀಕೆರೆ ಕಡೆಯವರಿಗೆ ತೆಂಗು. ಕಾಲ ನೋಡಿಕೊಂಡು ಕೇಳಿ. ಯುಗಾದಿಗೆ ಆಲೂಗಡ್ಡೆ ಬಿತ್ತನೆ ಕೇಳಿದರೆ ನಗೋ ಸರದಿ ಅವರದು.

ಆ ಪದಗಳನ್ನು ತಪ್ಪಿಸೋಕೆ ಆಗಲೇ ಇಲ್ಲ ಅಂದರೆ? ಒಂದನ್ನು ಮಾತ್ರ, ಉತ್ತರದ ಕೊನೆಯಲ್ಲಿ, ಬೇರೆ ಮಾತಿನ ನಡುವೆ ತನ್ನಿ. ‘ಹಬ್ಬ ಮುಗಿಸಿಕೊಂಡು ಭಾನುವಾರ ಬರ್ತೀವಿ’ ಅಂದರೆ ಯಾರ ಕಣ್ಣಿಗೂ ಕುಕ್ಕುವುದಿಲ್ಲ. ಮೊದಲ ಸಾಲಿನಲ್ಲಿ, ಅವರು ಬಳಸಿದ್ದೇ ಜೋಡಿಯಲ್ಲಿ ತರಬೇಡಿ.

ಹೆಜ್ಜೆ 4: ಆಡುಮಾತು ಸರಿ, ಅಣಕ ಬೇಡ

‘ಹರಸಿದ್ರೆ’, ‘ಬಂತಾ’ ಅಂತ ಮಾತಾಡುವ ಹಾಗೆ ಬರೆದರೆ ಅವರ ಬರಹವೂ ಮಾಮೂಲಿಯಾಗಿ ಕಾಣುತ್ತದೆ. ಪುಸ್ತಕದ ಕನ್ನಡದಲ್ಲಿ ಉತ್ತರಿಸಿದರೆ ನೀವು ಒಂದು ಮೆಟ್ಟಿಲು ಮೇಲೆ ನಿಂತ ಹಾಗೆ. ಆದರೆ ಪ್ರೀತಿಗೇ ಆದರೂ ‘ನಿಮಗೂ ಅಬ್ಬದ ಸುಬಾಸಯ’ ಅಂತ ಬರೆಯಬೇಡಿ. ಅದನ್ನು ಮುದ್ದು ಅಂದುಕೊಳ್ಳುವವರು ನೀವೊಬ್ಬರೇ.

ಹೆಜ್ಜೆ 5: ಒತ್ತುವ ಮೊದಲು ಫೋನನ್ನೂ ನೋಡಿ

ಅವರ ಮೆಸೇಜನ್ನು ಪಕ್ಕಕ್ಕೆ ಎಳೆದು ಅದಕ್ಕೇ ಅಂಟಿಸಿ ಉತ್ತರಿಸಬೇಡಿ. ಹಾಗೆ ಮಾಡಿದರೆ ಅವರ ಸಾಲು ನಿಮ್ಮ ಉತ್ತರದ ತಲೆ ಮೇಲೆ ಇನ್ನೊಂದು ಸಲ ಅಚ್ಚಾಗುತ್ತದೆ. ಗುಂಪಿನಲ್ಲಿ ನೋಡದವರೂ ನೋಡುತ್ತಾರೆ. ‘ದೊಡ್ಡಮ್ಮ’ ಅಂತ ಕರೆದು ಶುರು ಮಾಡಿದರೆ ಯಾರಿಗೆ ಹೇಳಿದ್ದು ಅಂತ ಗೊತ್ತಾಗುತ್ತೆ.

ಬರೀ ಹೃದಯದ ಗುರುತು ಒತ್ತಿ ಮುಗಿಸೋದೂ ಸಾಲದು. ಅಷ್ಟು ಕಷ್ಟಪಟ್ಟು ಮೂರು ಸಾಲು ಬರೆದವರಿಗೆ ಅದು ‘ಪುರುಸೊತ್ತಿಲ್ಲ’ ಅಂತ ಕೇಳಿಸುತ್ತದೆ. ನಗುವ ಮುಖಗಳಲ್ಲಿ ಕಣ್ಣೀರು ಬರುವಂಥದ್ದನ್ನಂತೂ ಮುಟ್ಟಲೇಬೇಡಿ. ಧ್ವನಿ ಸಂದೇಶ ಕಳಿಸುವುದು ಸುಲಭ, ನಿಜ. ಆದರೆ ಬರೆದವರಿಗೆ ಬರೆದೇ ಉತ್ತರಿಸಬೇಕು ಅನ್ನೋದು ನನ್ನ ಹಟ. ಇಲ್ಲದಿದ್ದರೆ ‘ನೀವು ಬರೆಯೋದು ಬೇಡ, ಮಾತಾಡಿ ಸಾಕು’ ಅಂದ ಹಾಗಾಗುತ್ತದೆ. ಅವರೇ ಮೊದಲು ಧ್ವನಿಯಲ್ಲಿ ಕಳಿಸಿದರೆ ಆಗ ನೀವೂ ಧ್ವನಿಯಲ್ಲೇ ಕೊಡಿ.

ರೆಡಿಮೇಡ್ ಶುಭಾಶಯ ಚಿತ್ರಗಳ ಬಗ್ಗೆ ಒಂದು ಮಾತು. ಅವುಗಳಲ್ಲಿ ‘ಹಾರ್ಧಿಕ ಶುಭಾಷಯಗಳು’ ಅಂತ ಎಷ್ಟು ಕಡೆ ಇರುತ್ತೆ ಅಂತ ನೋಡಿ. ಎರಡೂ ತಪ್ಪು. ಪೇಟೆಯ ಫ್ಲೆಕ್ಸುಗಳಲ್ಲೂ ಇದೇ. ದೊಡ್ಡಮ್ಮನನ್ನು ತಿದ್ದಲು ಹೋಗುವ ಎಷ್ಟೋ ಜನ ಬರೆಯೋದೂ ಹೀಗೇ.

ಹೆಜ್ಜೆ 6: ಯಾರಾದರೂ ಆಗಲೇ ತಿದ್ದಿಬಿಟ್ಟಿದ್ದರೆ

ಗುಂಪಿನಲ್ಲಿ ‘*ಹಾರ್ದಿಕ’ ಬಿದ್ದಾಗಿದೆ. ಆಗ ‘ವಯಸ್ಸಾದೋರು, ಬಿಡ್ರಪ್ಪ’ ಅಂತ ಪರ ವಹಿಸಬೇಡಿ. ತಪ್ಪಿಗೆ ವಯಸ್ಸನ್ನೂ ಸೇರಿಸಿ ತೋರಿಸಿದ ಹಾಗಾಗುತ್ತದೆ. ಮೇಲೆ ಹೇಳಿದ ಉತ್ತರವನ್ನೇ, ತಿದ್ದಿದ್ದು ಕಾಣಲೇ ಇಲ್ಲ ಅನ್ನುವ ಹಾಗೆ ಹಾಕಿ. ಒಬ್ಬಟ್ಟಿನ ಫೋಟೋ ಇದ್ದರೆ ಅದನ್ನೂ ಹಾಕಿ. ಮನೆಯ ಇನ್ನಿಬ್ಬರಿಗೆ ಉತ್ತರಿಸಲು ಹೇಳಿ. ನಾಲ್ಕು ಮೆಸೇಜು ಬಂದರೆ ನಕ್ಷತ್ರ ಮೇಲೆ ಹೋಗಿರುತ್ತದೆ. ತಿದ್ದಿದವನಿಗೆ ಹೇಳೋದನ್ನು ಫೋನ್ ಮಾಡಿ ಹೇಳಿ, ಗುಂಪಿನಲ್ಲಿ ಬೇಡ.

ಹೆಜ್ಜೆ 7: ಅವರೇ ಕೇಳಿದರೆ

‘ತಪ್ಪಾಯ್ತಾ ಮಗ ಬರ್ದಿದ್ದು?’ ಅಂತ ಬರಬಹುದು. ‘ಒಂದೂ ತಪ್ಪಿಲ್ಲ’ ಅನ್ನಬೇಡಿ, ನಂಬೋದಿಲ್ಲ. ‘ಓದೋಕೆ ಒಂಚೂರೂ ಕಷ್ಟ ಆಗಲಿಲ್ಲ ದೊಡ್ಡಮ್ಮ’ ಅನ್ನಿ, ಅದು ನಿಜ ಕೂಡ. ಕಲಿಯೋ ಆಸೆ ಇದೆ ಅಂತ ಗೊತ್ತಾದರೆ ಮುಂದಿನ ಸಲ ಹೋದಾಗ ಪಕ್ಕದಲ್ಲಿ ಕೂತು ಒಂದನ್ನು ಮಾತ್ರ ತೋರಿಸಿ. ದೀರ್ಘದ ಗುರುತು ಎಲ್ಲಿದೆ ಅಂತ ತೋರಿಸಿದರೆ ‘ದೆವರು’, ‘ಬೆವು’ ಎರಡೂ ಒಟ್ಟಿಗೆ ಸರಿಹೋಗುತ್ತವೆ. ಸ ಶ ಷ ವ್ಯತ್ಯಾಸ ಹೇಳಲು ಹೋಗಬೇಡಿ, ಅದು ನಮಗೇ ಸರಿಯಾಗಿ ಬರೋದಿಲ್ಲ. ಕಳಿಸಿದ ಮೆಸೇಜನ್ನು ಒತ್ತಿ ಹಿಡಿದರೆ 15 ನಿಮಿಷದೊಳಗೆ ಬದಲಾಯಿಸಬಹುದು ಅನ್ನೋದನ್ನು ಕೇಳಿದರೆ ಮಾತ್ರ ಹೇಳಿ. ಕೇಳದೆ ಹೇಳಿದರೆ ಅದೂ ಒಂದು ತಿದ್ದುಪಡಿಯೇ.

ಶುಭಾಶಯದ ಜೊತೆ ಕರೆಯೋಲೆಯೂ ಇದ್ದು ದಿನವೋ ಜಾಗವೋ ಗೊತ್ತಾಗದಿದ್ದರೆ ಮಾತ್ರ ಬಾಯಿ ಬಿಡಬೇಕು. ಆಗಲೂ ‘ಅರ್ಥ ಆಗಲಿಲ್ಲ’ ಅನ್ನಬೇಡಿ. ‘ನಾವು ಶನಿವಾರ ಬೆಳಗ್ಗೆ ಹಾಸನ ಬಿಟ್ಟು ಊಟದ ಹೊತ್ತಿಗೆ ಅಲ್ಲಿರ್ತೀವಿ, ಸರಿ ತಾನೆ?’ ಅಂತ ನಿಮ್ಮ ಲೆಕ್ಕಾಚಾರ ಹೇಳಿ. ದಿನ ಬೇರೆಯಾಗಿದ್ದರೆ ಅವರೇ ಹೇಳುತ್ತಾರೆ.