ಎರಡು ಟರ್ಬೈನ್, ಒಂದೇ ಇಂಧನ: ಒಟ್ಟು ದಕ್ಷತೆ ಲೆಕ್ಕ ಹಾಕುವುದು ಹೇಗೆ?

ಎರಡೂ ಬಗೆಯ ಟರ್ಬೈನ್ ಇರುವ ಕಂಬೈನ್ಡ್ ಸೈಕಲ್ ವಿದ್ಯುತ್ ಸ್ಥಾವರ ಒಂದಿದೆ ಎನ್ನಿ. ಗ್ಯಾಸ್ ಟರ್ಬೈನಿನ ದಕ್ಷತೆ ಶೇ 37, ಸ್ಟೀಮ್ ಟರ್ಬೈನಿನದು ಶೇ 35. ಎರಡೂ ಸೇರಿದರೆ ಶೇ 72 ಅಲ್ವಾ? ಅಲ್ಲ. ಸ್ಟೀಮ್ ಕಡೆಗೆ ಹೊಸ ಇಂಧನ ಹೋಗುವುದಿಲ್ಲ, ಗ್ಯಾಸ್ ಟರ್ಬೈನ್ ಬಿಟ್ಟ ಬಿಸಿಯಷ್ಟೇ ಹೋಗುತ್ತದೆ. ಅದೂ ಪೂರ್ತಿ ಹೋಗುವುದಿಲ್ಲ. ಯಲಹಂಕದಲ್ಲಿ ಕೆಪಿಸಿ ಕಟ್ಟಿರುವ 370 ಮೆಗಾವಾಟ್ ಸ್ಥಾವರ ಈ ಬಗೆಯದೇ. ಆದರೆ ಕೆಳಗಿನ ಅಂಕಿಗಳು ಅಲ್ಲಿಯವಲ್ಲ, ಲೆಕ್ಕಕ್ಕೆಂದು ಇಟ್ಟುಕೊಂಡವು.

ಮೊದಲು ಗ್ಯಾಸ್ ಟರ್ಬೈನ್. ಇಂಧನದಿಂದ 600 ಮೆಗಾವಾಟ್ ಶಾಖ ಬಂತು ಎನ್ನಿ. ಶೇ 37ರಂತೆ ವಿದ್ಯುತ್ 222 ಮೆಗಾವಾಟ್. ಉಳಿದ 378 ಮೆಗಾವಾಟ್ ಬಿಸಿ ಹೊಗೆಯಲ್ಲಿ ಹೋಯಿತು ಎಂದಿಟ್ಟುಕೊಳ್ಳೋಣ.

ಈಗ ಮುಖ್ಯ ಹಂತ. ಆ ಹೊಗೆ 600 ಡಿಗ್ರಿಯಲ್ಲಿ ಎಚ್‌ಆರ್‌ಎಸ್‌ಜಿ ಎಂಬ ಬಾಯ್ಲರಿಗೆ ನುಗ್ಗುತ್ತದೆ, ನೀರನ್ನು ಹಬೆ ಮಾಡಿ 100 ಡಿಗ್ರಿಯಲ್ಲಿ ಚಿಮಣಿ ಸೇರುತ್ತದೆ. ಹೊರಗಿನ ಗಾಳಿ 30 ಡಿಗ್ರಿ. ಇಳಿಯಬಹುದಾಗಿದ್ದುದು 570 ಡಿಗ್ರಿ, ಇಳಿದದ್ದು 500. ಹೊಗೆಯ ವಿಶಿಷ್ಟ ಶಾಖ ಸ್ಥಿರ ಎಂದುಕೊಂಡರೆ 500 ÷ 570, ಅಂದರೆ 0.877 ಪಾಲು ಶಾಖ ಹಬೆಗೆ ಸಿಕ್ಕಿತು. ಅದು ಸುಮಾರು 331.5 ಮೆಗಾವಾಟ್. ಇದರ ಶೇ 35, ಅಂದರೆ 116 ಮೆಗಾವಾಟ್, ಸ್ಟೀಮ್ ಟರ್ಬೈನಿನ ವಿದ್ಯುತ್.

ಒಟ್ಟು 338 ಮೆಗಾವಾಟ್. 600ರಿಂದ ಭಾಗಿಸಿದರೆ ಶೇ 56.3. ಒಂದೇ ಸಾಲಿನಲ್ಲಿ:

0.37 + (0.63 × 0.877 × 0.35) = 0.563

ತಾಳೆ ನೋಡುವುದು ಸುಲಭ. ಚಿಮಣಿಯಲ್ಲಿ ಹೋದದ್ದು 46.5, ಕಂಡೆನ್ಸರಿನ ತಂಪು ನೀರಿಗೆ ಹೋದದ್ದು 215.5. ವಿದ್ಯುತ್ತಿನ 338ಕ್ಕೆ ಇವೆರಡನ್ನೂ ಕೂಡಿಸಿದರೆ 600 ಬರಬೇಕು, ಬಂತು. ಬರದಿದ್ದರೆ ಎಲ್ಲೋ ಒಂದು ನಷ್ಟ ಬಿಟ್ಟುಹೋಗಿದೆ, ಇಲ್ಲವೇ ಎರಡು ಸಲ ಸೇರಿದೆ.

ಎರಡು ಸಲ ಸೇರುವುದೇ ಜಾಸ್ತಿ. ಆ ಶೇ 35 ಯಾವುದರ ಮೇಲೆ ಕೊಟ್ಟದ್ದು ಎಂದು ಮೊದಲು ಕೇಳಿ. ನೀರಿಗೆ ಸೇರಿದ ಶಾಖದ ಮೇಲಾದರೆ ನಮ್ಮ ಲೆಕ್ಕ ಸರಿ. ಹೊಗೆಯ ಒಟ್ಟು ಶಾಖದ ಮೇಲಾದರೆ ಚಿಮಣಿ ನಷ್ಟ ಅದರೊಳಗೇ ಇದೆ, 0.877ರಿಂದ ಮತ್ತೆ ಗುಣಿಸಬಾರದು.

ಚಿಮಣಿಯನ್ನು ಇನ್ನೂ ತಂಪು ಮಾಡಿದರಾಯಿತಲ್ಲ ಎನ್ನಬಹುದು. ಅಷ್ಟು ಸುಲಭವಲ್ಲ. ನೀರು ಕುದಿಯುವಾಗ ಅದರ ತಾಪ ಏರುವುದಿಲ್ಲ, ಹೊಗೆಯ ತಾಪ ಮಾತ್ರ ಇಳಿಯುತ್ತಲೇ ಇರುತ್ತದೆ. ಕುದಿತ ಶುರುವಾಗುವ ಜಾಗದಲ್ಲಿ ಎರಡರ ತಾಪವೂ ಹತ್ತಿರ ಬರುತ್ತದೆ. ಇದಕ್ಕೆ ಪಿಂಚ್ ಪಾಯಿಂಟ್ ಎನ್ನುತ್ತಾರೆ. ಚಿಮಣಿ ಇನ್ನೂ ತಂಪಾಗಬೇಕಾದರೆ ಅಲ್ಲಿನ ಅಂತರ ಕಮ್ಮಿ ಮಾಡಬೇಕು, ಅದು ಕಮ್ಮಿಯಾದಷ್ಟೂ ಕೊಳವೆಗಳ ಮೈ ಹೆಚ್ಚಿಸಬೇಕು, ಖರ್ಚು ಏರುತ್ತದೆ. ಹೊಗೆಯಲ್ಲಿ ಗಂಧಕವಿದ್ದರೆ ತಂಪಾದ ಕೊಳವೆ ಮೇಲೆ ಆಮ್ಲ ಕೂತು ಅದನ್ನು ತಿನ್ನುತ್ತದೆ.

ಕೊಳವೆಗಳಿಗೆ ಪದರ ಕಟ್ಟಿದರೆ ಮೊದಲು ಗೊತ್ತಾಗುವುದು ಚಿಮಣಿಯ ಥರ್ಮಾಮೀಟರಿನಲ್ಲೇ. ಬೇರೇನೂ ಬದಲಾಗದೆ ಅದು 100ರಿಂದ 130ಕ್ಕೆ ಏರಿದರೆ ಹಬೆಗೆ ಸಿಗುವ ಪಾಲು 0.825ಕ್ಕೆ ಇಳಿಯುತ್ತದೆ. ಸುಮಾರು 7 ಮೆಗಾವಾಟ್ ವಿದ್ಯುತ್ ಹೋಗಿ, ಒಟ್ಟು ದಕ್ಷತೆ ಶೇ 55ರ ಹತ್ತಿರಕ್ಕೆ ಬರುತ್ತದೆ.